ಮಳೆಗಾಲದ ತಿರುವಿನಲ್ಲಿ ಟಾರ್ಕ್ ವೆಕ್ಟರಿಂಗ್

ಪ್ರಶ್ನೆ: ಹೊಸ ಕಾರಿನಲ್ಲಿ ಟಾರ್ಕ್ ವೆಕ್ಟರಿಂಗ್ ಮತ್ತು ಸ್ಟೀರಿಂಗ್ ಮೋಡ್ ಎರಡೂ ಇವೆ. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಇವುಗಳಿಂದ ನಿಜವಾಗಿ ಏನು ವ್ಯತ್ಯಾಸ?

ಉತ್ತರ: ಆಟಿಯ ಮಳೆಯಲ್ಲಿ ಮುಳ್ಳೇರಿಯ ಕಡೆಯ ಒಂದು ಏರುತಿರುವನ್ನು ನೆನೆಸಿಕೊಳ್ಳಿ. ಬಲಕ್ಕೆ ತಿರುಗುತ್ತಾ ಆಕ್ಸಿಲರೇಟರ್ ಒತ್ತಿದರೆ ಕಾರಿನ ಭಾರ ಎಡಕ್ಕೆ ವಾಲುತ್ತದೆ, ಒಳಬದಿಯ ಬಲ ಚಕ್ರ ಹಗುರಾಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಎಡ-ಬಲ ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಹಗುರಾದ ಚಕ್ರ ಜಾರತೊಡಗಿದರೆ ಹೊರಚಕ್ರಕ್ಕೂ ಅಷ್ಟೇ ಕಡಿಮೆ ಟಾರ್ಕ್ ಸಿಗುತ್ತದೆ. ಕಾರಿನ ಮೂತಿ ತಿರುವಿನ ಹೊರಕ್ಕೆ ಎಳೆಯುತ್ತದೆ.

ಮುಂಚಕ್ರ ಚಾಲನೆಯ ಹೆಚ್ಚಿನ ಕಾರುಗಳಲ್ಲಿ ಟಾರ್ಕ್ ವೆಕ್ಟರಿಂಗ್ ಎಂಬ ಹೆಸರಿನ ಹಿಂದಿರುವುದು ಬ್ರೇಕ್ ಅಷ್ಟೇ. ಒಳಚಕ್ರವನ್ನು ಅದು ಮೆಲ್ಲಗೆ ಹಿಡಿಯುತ್ತದೆ. ಆಗ ಹೊರಚಕ್ರಕ್ಕೆ ಹೆಚ್ಚು ಟಾರ್ಕ್ ಹೋಗಿ ಮೂತಿ ಒಳಕ್ಕೆ ತಿರುಗುತ್ತದೆ. ಸ್ಟೀರಿಂಗ್ ಅನ್ನು ಮತ್ತೆ ಮತ್ತೆ ಸರಿಪಡಿಸಬೇಕಾಗಿಲ್ಲ ಎನ್ನಿಸಿದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಕ್ಲಚ್‌ಗಳ ಮೂಲಕ ಟಾರ್ಕನ್ನು ನಿಜವಾಗಿಯೇ ಹಂಚುವ ದುಬಾರಿ ವ್ಯವಸ್ಥೆಯೇ ಬೇರೆ.

ಟೈರಿನ ಹಿಡಿತವನ್ನು ಮಾತ್ರ ಇದು ಹೆಚ್ಚಿಸುವುದಿಲ್ಲ. ಸವೆದ ಟೈರಿನಲ್ಲಿ ತಿರುವಿಗೆ ವೇಗವಾಗಿ ನುಗ್ಗಿದರೆ ಯಾವ ಬ್ರೇಕೂ ಕಾಯುವುದಿಲ್ಲ.

ಸ್ಟೀರಿಂಗ್ ಮೋಡ್ ಇನ್ನೂ ಸರಳ. ಸ್ಟೀರಿಂಗ್ ತಿರುಗಿಸಲು ನೆರವಾಗುವ ವಿದ್ಯುತ್ ಮೋಟರ್ ಕಾಸರಗೋಡು ಪೇಟೆಯ ನಿಧಾನ ಗತಿಯಲ್ಲಿ ಹೆಚ್ಚು ನೆರವು ಕೊಡುತ್ತದೆ, ಹೆದ್ದಾರಿಯ ವೇಗದಲ್ಲಿ ಕಡಿಮೆ. 'ಸ್ಪೋರ್ಟ್' ಒತ್ತಿದರೆ ಆ ನೆರವು ಮತ್ತಷ್ಟು ತಗ್ಗಿ ಕೈಗೆ ಭಾರವೆನಿಸುತ್ತದೆ. ಸಾಮಾನ್ಯವಾಗಿ ಚಕ್ರ ತಿರುಗುವ ಕೋನ ಬದಲಾಗುವುದಿಲ್ಲ. ಪರೀಕ್ಷಿಸಬೇಕೆಂದರೆ ಖಾಲಿ ಮೈದಾನದಲ್ಲಿ ಎರಡೂ ಮೋಡ್‌ಗಳಲ್ಲಿ ಒಂದೇ ವೃತ್ತ ಸುತ್ತಿಸಿ: ಸ್ಟೀರಿಂಗ್ ಅಷ್ಟೇ ತಿರುಗಿರುತ್ತದೆ, ನೋವು ಮಾತ್ರ ಭುಜಕ್ಕೆ.