ಕೊಲೊನೋಸ್ಕೋಪಿಯ ತಯಾರಿ: ನೀರಿನಂತೆ ಭೇದಿಯಾದರೂ ಕರುಳು ಶುಚಿಯಾಗದೇಕೆ?

ಪ್ರಶ್ನೆ: ನನಗೆ 56 ವರ್ಷ. ರಕ್ತಹೀನತೆಗೆ ಕಾರಣ ಹುಡುಕಲು ಕಳೆದ ತಿಂಗಳು ದೊಡ್ಡ ಕರುಳಿನೊಳಗೆ ನಳಿಕೆ ಹಾಯಿಸಿ ನೋಡುವ ಕೊಲೊನೋಸ್ಕೋಪಿ ಮಾಡಿದರು. ಪರೀಕ್ಷೆ ಮಧ್ಯಾಹ್ನ 12ಕ್ಕೆ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಬೇಕಿದ್ದರಿಂದ ಔಷಧದ ಎರಡೂ ಲೀಟರ್ ನೀರನ್ನು ಹಿಂದಿನ ಸಂಜೆಯೇ ಕುಡಿದು ಮುಗಿಸಿದ್ದೆ, ನೀರಿನಂತೆ ಭೇದಿಯೂ ಆಗಿತ್ತು. ಅಂದು ಮಧ್ಯಾಹ್ನ ಹಗುರವಾಗಿರಲಿ ಎಂದು ಮುದ್ದೆ, ಸೊಪ್ಪಿನ ಸಾರು ಮಾತ್ರ ಉಂಡಿದ್ದೆ. ಆದರೂ ವರದಿಯಲ್ಲಿ ‘ತಯಾರಿ ಸಾಲದು, ಬಿಬಿಪಿಎಸ್ 5 (1+2+2), ಎಡಭಾಗದಲ್ಲಿ 4 ಮಿ.ಮೀ. ಪಾಲಿಪ್ ತೆಗೆಯಲಾಗಿದೆ, ಪರೀಕ್ಷೆ ಮತ್ತೆ ಮಾಡಬೇಕು’ ಎಂದಿದೆ. ಒಂದು ಪಾಲಿಪ್ ಸಿಕ್ಕಿತಲ್ಲ, ಮತ್ತೇಕೆ? ಈ ಸಲ ಏನು ತಿನ್ನಲಿ, ಔಷಧ ಯಾವಾಗ ಕುಡಿಯಲಿ?
— ಓದುಗರು, ತರೀಕೆರೆ

ಉತ್ತರ: ನಿಮ್ಮ ವರದಿಯಲ್ಲಿ ಅತ್ಯಂತ ಮುಖ್ಯವಾದುದು ಪಾಲಿಪ್, ಎಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು, ಅಲ್ಲ; ಆವರಣದೊಳಗಿನ ಮೊದಲ ಅಂಕಿ. ಬಿಬಿಪಿಎಸ್ ಅಥವಾ ಬೋಸ್ಟನ್ ಮಾಪಕ ಎಂದು ಕರೆಯುವ, ಕರುಳಿನ ಶುಚಿಯನ್ನು ಅಳೆಯುವ ಈ ಪದ್ಧತಿಯಲ್ಲಿ ದೊಡ್ಡ ಕರುಳನ್ನು ಬಲಭಾಗ, ನಡುಭಾಗ, ಎಡಭಾಗ ಎಂದು ಮೂರು ಪಾಲು ಮಾಡಿ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತೇವೆ. ಗಟ್ಟಿ ಮಲ ತುಂಬಿದ್ದು ಗೋಡೆಯೇ ಕಾಣದಿದ್ದರೆ 0. ಗೋಡೆ ಅಲ್ಲಲ್ಲಿ ಕಂಡು, ಉಳಿದೆಡೆ ಮಲದ ಲೇಪ ಅಥವಾ ಕದಡಿದ ನೀರಿನಡಿ ಮುಚ್ಚಿಹೋಗಿದ್ದರೆ 1. ಸಣ್ಣಪುಟ್ಟ ಚೂರುಗಳಿದ್ದರೂ ಗೋಡೆ ಚೆನ್ನಾಗಿ ಕಾಣುವಂತಿದ್ದರೆ 2, ಏನೂ ಉಳಿಯದೆ ಪೂರ್ತಿ ಕಂಡರೆ 3. ಈ ಅಂಕವನ್ನು ಕೊಡುವುದು ನಳಿಕೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾ, ನೀರು ಹಾಯಿಸಿ ತೊಳೆದು, ಹೀರಬಹುದಾದುದನ್ನೆಲ್ಲ ಹೀರಿ ತೆಗೆದ ಮೇಲೆ. ಎಂದರೆ ನಿಮ್ಮ ವೈದ್ಯರು ಸಾಕಷ್ಟು ತೊಳೆದ ನಂತರವೂ ಬಲಭಾಗದ ಗೋಡೆಯ ಒಂದಷ್ಟು ಜಾಗ ಅವರಿಗೆ ಕಂಡಿಲ್ಲ. ತಯಾರಿ ಸಾಕೆನ್ನಬೇಕಾದರೆ ಮೂರೂ ಪಾಲುಗಳಲ್ಲಿ ಕನಿಷ್ಠ 2 ಇರಬೇಕು. ಒಂದು ಪಾಲಿನ ಕೊರತೆಯನ್ನು ಇನ್ನೊಂದು ಪಾಲಿನ ಹೆಚ್ಚುವರಿ ಅಂಕ ತುಂಬಿಕೊಡುವುದಿಲ್ಲ.

ಒಂದು ಅಂಕದ ವ್ಯತ್ಯಾಸ ಇಷ್ಟು ದೊಡ್ಡದೇ ಎಂದು ನಿಮಗೆ ಅನ್ನಿಸಬಹುದು. ಅಮೆರಿಕದಲ್ಲಿ ಇದನ್ನು ನೇರವಾಗಿ ಅಳೆದು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಮ್ಮೆ ಕೊಲೊನೋಸ್ಕೋಪಿಯಾದ ಪುರುಷರಿಗೆ ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ಮಾಡಿ, ಮೊದಲ ಸಲ ಕಣ್ತಪ್ಪಿದ್ದೆಷ್ಟು ಎಂದು ಲೆಕ್ಕ ಹಾಕಿದರು. ಮುಂದೆ ಕ್ಯಾನ್ಸರ್ ಆಗಬಲ್ಲ, 5 ಮಿಲಿಮೀಟರ್‌ಗಿಂತ ದೊಡ್ಡ ಅಡಿನೋಮಾ ಪಾಲಿಪ್‌ಗಳಲ್ಲಿ, 2 ಅಥವಾ 3 ಅಂಕ ಪಡೆದ ಭಾಗಗಳಲ್ಲಿ ತಪ್ಪಿಹೋಗಿದ್ದುದು ಶೇ 5ರ ಆಸುಪಾಸು. 1 ಅಂಕ ಪಡೆದ ಭಾಗಗಳಲ್ಲಿ ಶೇ 16ರಷ್ಟು. ಎರಡಕ್ಕೂ ಮೂರಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಕರುಳು ಕನ್ನಡಿಯಂತೆ ಹೊಳೆಯಬೇಕೆಂದು ನಾವು ಕೇಳುತ್ತಿಲ್ಲ, 1ರ ಗೆರೆಯನ್ನು ದಾಟಿದರೆ ಸಾಕು.

ನಿಮ್ಮ ವಿಷಯದಲ್ಲಿ ಬಲಭಾಗವೇ ಮುಚ್ಚಿಹೋಗಿರುವುದು ಇನ್ನೊಂದು ಕಾರಣಕ್ಕೂ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಎಡಭಾಗದ ಗೆಡ್ಡೆಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ರಕ್ತದಿಂದಲೋ ವಿಸರ್ಜನೆಯ ರೂಢಿ ಬದಲಾಗುವುದರಿಂದಲೋ ತಮ್ಮ ಇರವನ್ನು ತಿಳಿಸುತ್ತವೆ. ಬಲಭಾಗದವು ಹಾಗಲ್ಲ, ದಿನಕ್ಕಿಷ್ಟು ಎಂದು ರಕ್ತ ಒಸರುತ್ತಾ ಇದ್ದು, ಬಹಳ ಸಲ ರಕ್ತಹೀನತೆಯೊಂದೇ ಅವುಗಳ ಗುರುತಾಗಿರುತ್ತದೆ. ಎಡಭಾಗದಲ್ಲಿ ಸಿಕ್ಕ 4 ಮಿಲಿಮೀಟರ್‌ನ ಪಾಲಿಪ್ ಒಂದು ಅವರೆಕಾಳಿಗಿಂತ ಚಿಕ್ಕದು. ಅದರಿಂದ ರಕ್ತಹೀನತೆ ಬಂತೆಂದು ಹೇಳಲಾಗದು. ಹುಡುಕಿದ್ದು ಯಾವುದಕ್ಕೋ, ಸಿಕ್ಕಿದ್ದು ಇನ್ನೊಂದು. ರೋಗಲಕ್ಷಣವಿಲ್ಲದೆ ತಪಾಸಣೆಗೆಂದಷ್ಟೇ ಬಂದವರಲ್ಲಿ ತಯಾರಿ ಸಾಲದಾದರೆ ಒಂದು ವರ್ಷದೊಳಗೆ ಮತ್ತೆ ಮಾಡಿ ಎನ್ನುತ್ತೇವೆ. ನೀವು ವರ್ಷ ಕಾಯುವುದು ಬೇಡ, ಕೆಲವು ವಾರಗಳೊಳಗೆ ದಿನ ಗೊತ್ತುಮಾಡಿಕೊಳ್ಳಿ.

ಬಲಭಾಗದಲ್ಲಿ ಬೆಳೆಯುವ ಪಾಲಿಪ್‌ಗಳ ಆಕಾರವೂ ಈ ಕಷ್ಟವನ್ನು ಹೆಚ್ಚಿಸುತ್ತದೆ. ಪಾಲಿಪ್ ಎಂದ ಕೂಡಲೇ ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತ ಗಂಟು ಎಂದು ಎಲ್ಲರೂ ಭಾವಿಸುತ್ತಾರೆ. ಅಂಥದ್ದು ಸ್ವಲ್ಪ ಕೊಳೆಯ ನಡುವೆಯೂ ಕಾಣುತ್ತದೆ. ಆದರೆ ಸೆರೇಟೆಡ್ ಎಂಬ ಜಾತಿಯ ಪಾಲಿಪ್‌ಗಳು ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿ, ಸುತ್ತಲಿನ ಒಳಪದರದ್ದೇ ಬಣ್ಣದಲ್ಲಿ, ಅಂಚು ಎಲ್ಲಿ ಮುಗಿಯಿತೆಂದು ತಿಳಿಯದಂತೆ ಇರುತ್ತವೆ. ಅವುಗಳ ಮೇಲೆ ಹಳದಿ ಲೋಳೆಯ ತೆಳು ಹೊದಿಕೆಯೊಂದು ಇರುತ್ತದೆ. ಕರುಳು ಶುಚಿಯಾಗಿದ್ದಾಗ ಪಾಲಿಪ್ ಇಲ್ಲಿದೆ ಎಂದು ನಮಗೆ ಕೈಮಾಡಿ ಕರೆಯುವುದು ಆ ಹೊದಿಕೆಯೇ. ಸುತ್ತಲೂ ಅದೇ ಬಣ್ಣದ ಕೊಳೆ ಮೆತ್ತಿಕೊಂಡಿದ್ದರೆ ಆ ಗುರುತು ಅದರಲ್ಲೇ ಕರಗಿಹೋಗುತ್ತದೆ, ನಳಿಕೆ ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ.

ನೀರಿನಂತೆ ಭೇದಿಯಾಗಿದ್ದರೂ ಬಲಭಾಗ ಕೊಳೆಯಾಗಿ ಉಳಿದದ್ದು ಮುಖ್ಯವಾಗಿ ಹೊತ್ತಿನ ಕಾರಣದಿಂದ. ನೀವು ಕುಡಿದ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯ ದ್ರಾವಣವನ್ನು ಕರುಳು ಹೀರಿಕೊಳ್ಳುವುದಿಲ್ಲ. ಅದು ತನ್ನೊಡನೆ ನೀರನ್ನು ಹಿಡಿದಿಟ್ಟುಕೊಂಡು ಒಳಗಿದ್ದುದನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಆ ರಾತ್ರಿ ಒಂಬತ್ತು ಗಂಟೆಗೆ ನೋಡಿದ್ದರೆ ನಿಮ್ಮ ಕರುಳು ಬಹುಶಃ ಚೆನ್ನಾಗಿಯೇ ಇರುತ್ತಿತ್ತು. ಆದರೆ ನೀವು ಏನೂ ತಿನ್ನದಿದ್ದರೂ ಸಣ್ಣ ಕರುಳು ಸುಮ್ಮನಿರುವುದಿಲ್ಲ. ಪಿತ್ತರಸ, ಜೀರ್ಣರಸ, ಲೋಳೆ ಇವೆಲ್ಲ ರಾತ್ರಿಯಿಡೀ ಇಳಿಯುತ್ತಲೇ ಇದ್ದು, ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಬಲಭಾಗದ ತುದಿಯಲ್ಲೇ ಮೊದಲು ಶೇಖರವಾಗಿ, ಗಂಟೆಗಳು ಕಳೆದಂತೆ ಗಂಜಿಯ ಕೆನೆಯ ಹಾಗೆ ಗೋಡೆಗೆ ಅಂಟಿಕೊಳ್ಳುತ್ತವೆ. ನಿಮ್ಮ ಕೊನೆಯ ಲೋಟಕ್ಕೂ ಪರೀಕ್ಷೆಗೂ ನಡುವೆ ಹದಿನೈದು ಗಂಟೆಯಾದರೂ ಕಳೆದಿರಬೇಕು. ಔಷಧವನ್ನು ಎರಡು ಪಾಲು ಮಾಡಿ, ಎರಡನೆಯದನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಆರಂಭಿಸಿ, ಕನಿಷ್ಠ ಎರಡು ಗಂಟೆ ಮೊದಲು ಮುಗಿಸಬೇಕೆಂದು ಹೇಳುವುದು ಇದಕ್ಕಾಗಿ. ಆ ಎರಡನೆಯ ಪಾಲಿನ ಕೆಲಸವೇ ಬಲಭಾಗವನ್ನು ಮತ್ತೊಮ್ಮೆ ತೊಳೆಯುವುದು.

ಇನ್ನು ಮುದ್ದೆ, ಸೊಪ್ಪಿನ ಸಾರಿನ ಮಾತು. ಬೇರೆ ದಿನ ಯಾರಿಗಾದರೂ ನಾನೇ ಸಲಹೆ ಮಾಡುವ ಊಟ ಅದು. ಅಂದಿನ ಮಟ್ಟಿಗೆ ಮಾತ್ರ ಅದಕ್ಕಿಂತ ತಪ್ಪಾದ ಆಯ್ಕೆ ಇರಲಿಲ್ಲ. ನಮಗೆ ಬೇಕಾಗಿರುವುದು ಹೊಟ್ಟೆಗೆ ಹಗುರವಾದ ಊಟವಲ್ಲ, ಕರುಳಿನಲ್ಲಿ ಶೇಷ ಉಳಿಸದ ಊಟ. ರಾಗಿಯನ್ನು ಸಿಪ್ಪೆಸಮೇತ ಬೀಸುವುದರಿಂದ ಅದರ ಕಂದು ಹೊಟ್ಟು ಜೀರ್ಣವಾಗದೆ ದೊಡ್ಡ ಕರುಳಿನವರೆಗೂ ಬಂದು ಗೋಡೆಗೆ ಹತ್ತಿಕೊಳ್ಳುತ್ತದೆ, ಸೊಪ್ಪಿನ ನಾರು ಎಳೆಎಳೆಯಾಗಿ ಉಳಿಯುತ್ತದೆ. ನಮ್ಮ ನಳಿಕೆಯೊಳಗಿನ ಹೀರುವ ದಾರಿಯ ಅಗಲ ನಾಲ್ಕು ಮಿಲಿಮೀಟರ್‌ಗೂ ಕಡಿಮೆ. ನೀರು ಎಷ್ಟಿದ್ದರೂ ಅದರಲ್ಲಿ ಹೀರಿಬಿಡಬಹುದು, ಆದರೆ ಸೊಪ್ಪಿನ ಒಂದು ಎಳೆ ಅಡ್ಡ ಸಿಕ್ಕಿಕೊಂಡರೆ ಹೀರುವುದೇ ನಿಂತುಹೋಗುತ್ತದೆ. ಒಗ್ಗರಣೆಯ ಸಾಸಿವೆ ಸಾಲಾಗಿ ಕರುಳಿನ ಮಡಿಕೆಯಲ್ಲಿ ಕುಳಿತಿರುವುದನ್ನು ಪರದೆಯ ಮೇಲೆ ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಟೊಮೆಟೊ, ಸೌತೆಕಾಯಿ, ಸೀಬೆಹಣ್ಣಿನ ಬೀಜಗಳೂ ಹಾಗೆಯೇ.

ಹಿಂದಿನ ದಿನ ಉಪವಾಸವೇನೂ ಬೇಡ. ಹಿಂದೆ ನಾವು ದಿನವಿಡೀ ಬರೀ ತಿಳಿ ದ್ರವಗಳ ಮೇಲೆ ಇರಿಸುತ್ತಿದ್ದೆವು. ಶೇಷ ಕಡಿಮೆಯಿರುವ ಆಹಾರ ತಿಂದವರ ಕರುಳೂ ಅಷ್ಟೇ ಶುಚಿಯಾಗುತ್ತದೆ, ಹಸಿವಿನ ಸಂಕಟವೂ ಇರುವುದಿಲ್ಲ ಎಂದು ಈಗ ತಿಳಿದಿದೆ. ಮಲಬದ್ಧತೆ ಇಲ್ಲದವರಿಗೆ ಒಂದು ದಿನದ ಪಥ್ಯ ಸಾಕು. ಇದ್ದವರು ಎರಡು-ಮೂರು ದಿನ ಮುಂಚೆಯೇ ಆರಂಭಿಸಬೇಕು, ಅವರಿಗೆ ಔಷಧದ ಪ್ರಮಾಣವೂ ಬೇರೆಯಾಗಬಹುದು. ಪರೀಕ್ಷೆ ಮತ್ತೆ ಮಧ್ಯಾಹ್ನ 12ಕ್ಕೆ ಎಂದು ಇಟ್ಟುಕೊಳ್ಳೋಣ. ಹಿಂದಿನ ದಿನ ಬೆಳಿಗ್ಗೆ ಬಿಳಿ ಇಡ್ಲಿಯನ್ನು ಸಕ್ಕರೆಯೊಡನೆಯೋ ಮೊಸರಿನೊಡನೆಯೋ ತಿನ್ನಿ, ಚಟ್ನಿ-ಸಾಂಬಾರು ಬೇಡ. ಮಧ್ಯಾಹ್ನ ಒಂದು ಗಂಟೆಯೊಳಗೆ ಮೆತ್ತಗೆ ಬೇಯಿಸಿದ ಬಿಳಿ ಅನ್ನಕ್ಕೆ ಒಗ್ಗರಣೆ ಹಾಕದ, ಸೋಸಿದ ತಿಳಿಸಾರು, ಮೇಲೆ ಸ್ವಲ್ಪ ಮಜ್ಜಿಗೆ. ಮಾಂಸಾಹಾರಿಗಳಾದರೆ ಬೇಯಿಸಿದ ಮೊಟ್ಟೆ ಅಥವಾ ಮೀನು ತಿನ್ನಬಹುದು. ಅದಾದ ಮೇಲೆ ನೀರು, ಎಳನೀರು, ಸೋಸಿದ ನಿಂಬೆಪಾನಕ, ಹಾಲಿಲ್ಲದ ಚಹಾ ಇಷ್ಟೇ. ಹಾಲು ಬೇಡ. ಬೀಟ್‌ರೂಟ್ ಮತ್ತು ಕೆಂಪು ಬಣ್ಣದ ಯಾವ ಪಾನೀಯವೂ ಬೇಡ. ಒಳಗೆ ಅದು ರಕ್ತದ ಹಾಗೆ ಕಾಣುತ್ತದೆ.

ಸಂಜೆ ಏಳಕ್ಕೆ ಮೊದಲ ಲೀಟರ್ ಆರಂಭಿಸಿ, ಕಾಲು ಗಂಟೆಗೆ ಒಂದು ದೊಡ್ಡ ಲೋಟದಂತೆ, ಎಂದರೆ ಸುಮಾರು 250 ಮಿಲಿ, ಒಂದು ಗಂಟೆಯಲ್ಲಿ ಮುಗಿಸಿ. ತಂಪಾಗಿಸಿ ಕುಡಿದರೆ ಆ ಉಪ್ಪು-ಸಪ್ಪೆ ರುಚಿ ಸ್ವಲ್ಪ ಸಹ್ಯವಾಗುತ್ತದೆ. ವಾಂತಿ ಬಂದಂತಾದರೆ ಅರ್ಧ ಗಂಟೆ ಬಿಟ್ಟು ನಿಧಾನವಾಗಿ ಮುಂದುವರಿಸಿ. ಮರುದಿನ ಬೆಳಿಗ್ಗೆ ಆರೂವರೆಗೆ ಎರಡನೆಯ ಲೀಟರ್ ಶುರುಮಾಡಿ ಎಂಟರೊಳಗೆ ಮುಗಿಸಿ. ಹತ್ತರ ನಂತರ ಬಾಯಿಗೆ ಹನಿ ನೀರೂ ಬೇಡ, ಏಕೆಂದರೆ ನಿದ್ರೆಯ ಚುಚ್ಚುಮದ್ದು ಕೊಡುವಾಗ ಹೊಟ್ಟೆ ಖಾಲಿಯಿರಬೇಕು. ಬಸ್ಸಿನ ಚಿಂತೆ ಸಹಜವಾದದ್ದೇ. ಹಿಂದಿನ ದಿನವೇ ಹೋಗಿ ಆಸ್ಪತ್ರೆಯ ಹತ್ತಿರ ನೆಂಟರ ಮನೆಯಲ್ಲಿ ಉಳಿಯುವುದು ಉತ್ತಮ. ಅದಾಗದಿದ್ದರೆ ಪರೀಕ್ಷೆಯನ್ನು ಮಧ್ಯಾಹ್ನ ಎರಡರ ಮೇಲಕ್ಕೆ ಕೇಳಿಕೊಂಡು ಈ ವೇಳೆಗಳನ್ನೂ ಅಷ್ಟೇ ಮುಂದೆ ಸರಿಸಿ. ಯಾವುದನ್ನು ಮಾಡಿದರೂ ಎರಡನೆಯ ಪಾಲನ್ನು ಹಿಂದಿನ ರಾತ್ರಿಗೆ ತಳ್ಳಬೇಡಿ.

ರಕ್ತಹೀನತೆಗೆ ನೀವು ಕಬ್ಬಿಣಾಂಶದ ಮಾತ್ರೆ ನುಂಗುತ್ತಿರಬಹುದು. ಅದು ಮಲವನ್ನು ಕಪ್ಪಾಗಿ, ಅಂಟಂಟಾಗಿ ಮಾಡುವುದರಿಂದ ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ನಿಮ್ಮ ವೈದ್ಯರಿಗೆ ತಿಳಿಸಿ ನಿಲ್ಲಿಸಿ. ಇಸಬ್ಗೋಲ್ ಕೂಡ ಬೇಡ. ಸಕ್ಕರೆ ಕಾಯಿಲೆಯ ಔಷಧ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅವುಗಳನ್ನು ನಿಲ್ಲಿಸುವುದೋ ಕಡಿಮೆ ಮಾಡುವುದೋ ಎಂಬುದನ್ನು ಅವರೇ ಬರೆದುಕೊಡಬೇಕು. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿದ್ದವರು ಅಂಗಡಿಯಲ್ಲಿ ಕಡಿಮೆ ನೀರಿನಲ್ಲಿ ಮುಗಿಯುವ ಔಷಧ ಸಿಗುತ್ತದೆಂದು ಕೊಳ್ಳಬಾರದು; ಅವುಗಳಲ್ಲಿ ಸೋಡಿಯಂ ಫಾಸ್ಫೇಟ್ ಇರುವಂಥವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಅಂಥವರಿಗೆ ಎಳನೀರಿನ ಪೊಟ್ಯಾಸಿಯಂ ಕೂಡ ಹೆಚ್ಚಾಗಬಹುದು.

ಭೇದಿ ಎಷ್ಟು ಸಲ ಆಯಿತೆಂದು ಎಣಿಸುವ ಬದಲು ಕೊನೆಯ ಸಲ ಹೇಗಿತ್ತೆಂದು ನೋಡಿ. ಬೆಳಿಗ್ಗೆಯ ಲೀಟರ್ ಮುಗಿದ ಮೇಲೆ ಹೋಗುವುದು ಮೂತ್ರದಂತೆ ತೆಳು ಹಳದಿಯಾಗಿದ್ದು ಅದರ ಮೂಲಕ ಕಮೋಡಿನ ತಳ ಕಾಣುವಂತಿರಬೇಕು. ಹಳದಿ ಪಿತ್ತರಸದ ಬಣ್ಣವಾದ್ದರಿಂದ ಅದಕ್ಕೆ ಹೆದರಬೇಕಿಲ್ಲ. ರಾಗಿ ಅಂಬಲಿಯಂತೆ ಕದಡಿದ್ದರೆ ಅಥವಾ ಚೂರುಗಳು ತೇಲುತ್ತಿದ್ದರೆ ಒಂಬತ್ತು ಗಂಟೆಯೊಳಗೆ ಎಂಡೋಸ್ಕೋಪಿ ವಿಭಾಗಕ್ಕೆ ಫೋನ್ ಮಾಡಿ ತಿಳಿಸಿ. ಹೆಚ್ಚುವರಿ ದ್ರಾವಣ ಕುಡಿಸಿ ಪರೀಕ್ಷೆಯನ್ನು ಸಂಜೆಗೆ ಹಾಕುವ ಅವಕಾಶ ಆಗ ಅವರಿಗಿರುತ್ತದೆ. ಎನಿಮಾ ಕೊಟ್ಟರೆ ಸರಿಹೋಗುವುದಲ್ಲವೇ ಎಂದು ಹಲವರು ಕೇಳುತ್ತಾರೆ. ಅದು ತೊಳೆಯುವುದು ಕರುಳಿನ ಎಡಭಾಗವನ್ನಷ್ಟೇ, ನಿಮಗೆ 1 ಅಂಕ ಬಂದ ಜಾಗಕ್ಕೆ ಅದು ಮುಟ್ಟುವುದಿಲ್ಲ.