ಗ್ರಾಹಕರಿಗೆ ಮುಜುಗರವಾಗದಂತೆ ಪ್ರಶಂಸೆಯ ಮಾತು ಕೇಳುವುದು

ಪ್ರಶ್ನೆ: ನನ್ನ ಕೆಲಸ ಗ್ರಾಹಕರಿಗೆ ಮೆಚ್ಚುಗೆಯಾಗಿದೆ. ಒತ್ತಾಯ ಅನ್ನಿಸದಂತೆ ನಾಲ್ಕು ಮಾತು ಬರೆದುಕೊಡಿ ಎಂದು ಹೇಗೆ ಕೇಳಲಿ?

ಉತ್ತರ: ಹೊಸದಾಗಿ ಬರೆಸಬೇಡಿ, ಅವರು ಈಗಾಗಲೇ ಹೇಳಿರುವ ಮಾತಿಗೆ ಅನುಮತಿ ಕೇಳಿ. ಹೆಚ್ಚಿನವರು ಹಿಂಜರಿಯುವುದು ಮನಸ್ಸಿಲ್ಲದೆ ಅಲ್ಲ, ಖಾಲಿ ಹಾಳೆಯ ಮುಂದೆ ಏನು ಬರೆಯಬೇಕೆಂದು ತೋಚದೆ.

ನಾನು ಲೆಕ್ಕಪತ್ರದ ತಂತ್ರಾಂಶ ಅಳವಡಿಸಿಕೊಡುತ್ತೇನೆ. ಒಬ್ಬ ಗ್ರಾಹಕರು, "ತಿಂಗಳ ಕೊನೆಯ ಲೆಕ್ಕಕ್ಕೆ ಎರಡು ದಿನ ಹಿಡಿಯುತ್ತಿತ್ತು, ಈ ಸಲ ಮಧ್ಯಾಹ್ನದೊಳಗೆ ಮುಗಿಯಿತು" ಎಂದು ಸಂದೇಶ ಕಳಿಸಿದರು. ಅಂದೇ ಹೀಗೆ ಬರೆದೆ: "ಓದಿ ಬಹಳ ಸಂತೋಷವಾಯಿತು. ನಿಮ್ಮ ಈ ಸಾಲನ್ನು ನನ್ನ ಜಾಲತಾಣದಲ್ಲಿ ಹಾಕಬಹುದೇ? ಹೆಸರಿನೊಂದಿಗೆ ಅಥವಾ ಹೆಸರಿಲ್ಲದೆ, ನಿಮ್ಮಿಷ್ಟ. ಬೇಡವೆಂದರೂ ನಮ್ಮ ಕೆಲಸ ಹೀಗೆಯೇ ಸಾಗುತ್ತದೆ." ಹೆಸರು ಬೇಡ, ಹುದ್ದೆ ಮಾತ್ರ ಇರಲಿ ಎಂದರು. ಹಾಗೆಯೇ ಹಾಕಿದೆ, ಒಂದು ಪದವನ್ನೂ ತಿದ್ದಲಿಲ್ಲ.

ಬಿಲ್ ಪಾವತಿ, ರಿಯಾಯಿತಿ ಅಥವಾ ಒಪ್ಪಂದದ ನವೀಕರಣದ ಮಾತುಕತೆ ನಡೆಯುತ್ತಿರುವಾಗ ಮಾತ್ರ ಕೇಳಲೇಬೇಡಿ. ಆಗ ಅದು ಕೋರಿಕೆಯಾಗಿ ಉಳಿಯುವುದಿಲ್ಲ. ಉತ್ತರ ಬಾರದಿದ್ದರೆ ಒಂದೆರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ. "ನೋಡೋಣ" ಎಂಬ ಉತ್ತರ ಎರಡು ಸಲ ಬಂದರೆ ಅದನ್ನು ಬೇಡವೆಂದೇ ತಿಳಿಯಿರಿ.

ಪೂರ್ಣ ಯಶೋಗಾಥೆ ಬೇಕಿದ್ದರೆ ಶ್ರಮ ನಿಮ್ಮದಾಗಿರಲಿ. ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತನಾಡಿ, ಮೊದಲು ಏನು ತೊಂದರೆಯಿತ್ತು, ಈಗ ಏನು ಬದಲಾಗಿದೆ ಎಂದು ಕೇಳಿ, ಕರಡನ್ನು ನೀವೇ ಬರೆದು ತೋರಿಸಿ. ಅಂಕಿಅಂಶಗಳನ್ನು ಪ್ರಕಟಿಸಲು ಅವರ ಸಂಸ್ಥೆಯಲ್ಲಿ ಮೇಲಿನವರ ಒಪ್ಪಿಗೆ ಬೇಕಾಗಬಹುದು. ಅದನ್ನು ಕರಡು ಬರೆಯುವ ಮೊದಲೇ ವಿಚಾರಿಸಿ.