ನೂರಕ್ಕೆ ಎಂಬತ್ತೈದು ಸಲ ಗೆದ್ದರೂ ದುಡ್ಡು ಹೋಗಿತ್ತು

ಪ್ರಶ್ನೆ: ಮೂರು ತಿಂಗಳಿಂದ ನಿಫ್ಟಿ ವೀಕ್ಲಿ ಆಪ್ಷನ್ ಸೆಲ್ ಮಾಡ್ತಿದೀನಿ. ಎಕ್ಸೆಲ್‌ನಲ್ಲಿ ಜರ್ನಲ್ ಇಟ್ಟಿದೀನಿ, ವಿನ್ ರೇಟ್ 82% ಇದೆ. ನನ್ನ ಸ್ಟ್ರಾಟಜಿಗೆ ನಿಜವಾಗ್ಲೂ ಎಡ್ಜ್ ಇದೆಯಾ ಅಂತ ತಿಳಿಯೋಕೆ ಇನ್ನೂ ಯಾವ ಮೆಟ್ರಿಕ್ಸ್ ಸೇರಿಸಬೇಕು? ದುಡ್ಡು ಕೊಟ್ಟು ಜರ್ನಲ್ ಆಪ್ ತಗೊಳ್ಳಲಾ?

ಆ 82% ಅನ್ನೋ ಕಾಲಂ ಮೊದಲು ಅಳಿಸಿಬಿಡಿ. ನನ್ನದು 85% ಇತ್ತು, ಆದರೂ ಕೊನೆಗೆ ಖರ್ಚು ಕಳೆಯುವ ಮುಂಚೆಯೇ 12,600 ರೂಪಾಯಿ ನಷ್ಟ ಆಗಿತ್ತು. ಇಲ್ಲಿ ಮೆಟ್ರಿಕ್ ಸೇರಿಸೋದರಿಂದ ಏನೂ ಆಗೋದಿಲ್ಲ. ಟ್ರೇಡ್‌ಗೆ ಮುಂಚೆ ನೀವು ಬರೆಯದೇ ಬಿಟ್ಟದ್ದನ್ನು ಆಮೇಲೆ ಯಾವ ಮೆಟ್ರಿಕ್ಕೂ, ಯಾವ ಆಪ್ ಕೂಡ ಹುಡುಕಿ ಕೊಡಲಾರದು.

ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವನು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. 2023ರ ಅಕ್ಟೋಬರ್ ಮಧ್ಯದಿಂದ ಪ್ರತಿ ವಾರ ನಿಫ್ಟಿಯಲ್ಲಿ ಸ್ಟ್ರಾಂಗಲ್ ಸೆಲ್ ಮಾಡುತ್ತಿದ್ದೆ. ಮೇಲೊಂದು ಕಾಲ್, ಕೆಳಗೊಂದು ಪುಟ್, ಎರಡನ್ನೂ ಮಾರಿ ಪ್ರೀಮಿಯಂ ಕರಗಲಿ ಅಂತ ಕಾಯೋದು. ಆಗ ಎಕ್ಸ್‌ಪೈರಿ ಗುರುವಾರ ಇತ್ತು. ಕ್ವಾಂಟಿಟಿ 100. ಎರಡೂ ಸೇರಿ ಸಾಮಾನ್ಯವಾಗಿ 50 ರೂಪಾಯಿ ಸಿಗುತ್ತಿತ್ತು, ಅಂದರೆ ವಾರಕ್ಕೆ 5,000 ರೂಪಾಯಿ ಪ್ರೀಮಿಯಂ. ಸುಮಾರು ಅರ್ಧ ಕರಗಿದ ಮೇಲೆ ಹೊರಗೆ ಬರುತ್ತಿದ್ದೆ. 33 ವಾರದಲ್ಲಿ 29 ವಾರ ಲಾಭ, ಸರಾಸರಿ 2,600. ನಾಲ್ಕು ವಾರ ನಷ್ಟ, ಸರಾಸರಿ 4,500. ಖರ್ಚು ಕಳೆಯುವ ಮುಂಚೆ ಒಟ್ಟು 57,400 ರೂಪಾಯಿ ಲಾಭ ಬಂದಿತ್ತು. ಜರ್ನಲ್ ಇಟ್ಟಿದ್ದೆ, ನಿಮ್ಮ ಹಾಗೇ: ತಾರೀಕು, ಸ್ಟ್ರೈಕ್, ಮಾರಿದ ಬೆಲೆ, ಕೊಂಡ ಬೆಲೆ, ಲಾಭ-ನಷ್ಟ.

ಆಮೇಲೆ 2024ರ ಜೂನ್ ಬಂತು. ಲೋಕಸಭೆ ಫಲಿತಾಂಶದ ವಾರ. ಜೂನ್ 3, ಸೋಮವಾರ, ಎಕ್ಸಿಟ್ ಪೋಲ್ ನಂಬಿ ನಿಫ್ಟಿ ಜಿಗಿದು 23,264ರ ಹತ್ತಿರ ಮುಗಿಯಿತು. ಪ್ರೀಮಿಯಂ ದಪ್ಪ ಇತ್ತು. 22,500 ಪುಟ್ 95ಕ್ಕೆ, 24,000 ಕಾಲ್ 85ಕ್ಕೆ ಮಾರಿದೆ. ಸೇರಿ 180. ಕ್ವಾಂಟಿಟಿ ಮಾತ್ರ ಅದೇ 100. ಮಾರನೇ ದಿನ ಮಾರ್ಕೆಟ್ ಹಿಂದಿನ ದಿನದ ಮುಕ್ತಾಯಕ್ಕಿಂತ ಬಹಳ ಕೆಳಗೇನೂ ತೆರೆಯಲಿಲ್ಲ, ಅದನ್ನು ನೆನಪಿಟ್ಟುಕೊಳ್ಳಿ, ಹೊರಗೆ ಬರಲು ನನಗೆ ಸಮಯ ಇತ್ತು. ಹುಳುಗಳಿಗೆ ಸೊಪ್ಪು ಹಾಕುತ್ತಾ ಒಂದು ಕೈಯಲ್ಲಿ ಫೋನ್ ಹಿಡಿದಿದ್ದೆ. ಎಣಿಕೆ ಮುಂದುವರಿದ ಹಾಗೆ ನಿಫ್ಟಿ ಇಳಿಯುತ್ತಲೇ ಹೋಯಿತು. ನಾನು ಪುಟ್ ಅನ್ನು 875ಕ್ಕೆ ವಾಪಸ್ ಕೊಂಡೆ. ಕಾಲ್‌ನಲ್ಲಿ ಬಂದ 8,000 ಕಳೆದರೆ ನಷ್ಟ 70,000. ಆ ದಿನ ನಿಫ್ಟಿ ಹತ್ತಿರ ಹತ್ತಿರ 6% ಬಿದ್ದು 21,884ರಲ್ಲಿ ಮುಗಿಯಿತು.

ಈಗ ನನ್ನ ತಪ್ಪು ಯಾವುದು ಅಂತ ಹೇಳುತ್ತೇನೆ, ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಎಲ್ಲರೂ "ಸ್ಟಾಪ್‌ಲಾಸ್ ಹಾಕಲಿಲ್ಲ, ಅದೇ ತಪ್ಪು" ಅಂದರು. ಸ್ಟಾಪ್ ಇತ್ತು. ಎರಡೂ ಸೇರಿದ ಪ್ರೀಮಿಯಂ ದುಪ್ಪಟ್ಟಾದರೆ ಹೊರಗೆ, ಅಷ್ಟೇ ನಿಯಮ. 180 ಇದ್ದದ್ದು 360 ಆದರೆ ಮುಗೀತು, ನಷ್ಟ 18,000. ಆದರೆ ಅದು ತಲೆಯಲ್ಲಿತ್ತು, ಹಾಳೆಯಲ್ಲಿ ಇರಲಿಲ್ಲ. ತಲೆಯಲ್ಲಿರುವ ಅಂಕಿ ಜರುಗುತ್ತದೆ. 360 ದಾಟಿದಾಗ "ಎಣಿಕೆಯ ಗಲಾಟೆ, ತಣ್ಣಗಾಗಲಿ, 400ಕ್ಕೆ ನೋಡೋಣ" ಅಂದುಕೊಂಡೆ. 400ರಲ್ಲಿ 500 ಅಂದುಕೊಂಡೆ. ಜರುಗಿದ್ದು ಬೇರೆ ಯಾರಿಗೂ ಕಾಣಲಿಲ್ಲ, ಜರ್ನಲ್‌ಗೂ ಕಾಣಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಏನು ಗೊತ್ತಾ? ಒಳಗೆ ಹೋಗುವಾಗ "ಇಷ್ಟಕ್ಕೆ ನಿಲ್ಲಿಸುತ್ತೇನೆ" ಅಂತ ಬರೆದಿಲ್ಲದಿದ್ದರೆ, ಆಮೇಲೆ ಆ 70,000 ಸ್ಟ್ರಾಟಜಿಯ ತಪ್ಪೋ ನನ್ನ ತಪ್ಪೋ ಅಂತ ಬೇರ್ಪಡಿಸಲು ದಾರಿಯೇ ಇರುವುದಿಲ್ಲ. ಗೆದ್ದ ವಾರಗಳಿಗೂ ಇದೇ ಮಾತು. ನಿಯಮ ಪಾಲಿಸಿ ಗೆದ್ದೆನೋ, ಮುರಿದು ಗೆದ್ದೆನೋ?

ನಮ್ಮ ಅಪ್ಪ ಗೂಡಿನ ಲೆಕ್ಕಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಅದರಲ್ಲಿ ಈ ಬೆಳೆಗೆ ಎಷ್ಟು ರೂಪಾಯಿ ಬಂತು ಅನ್ನೋದು ಕೊನೆಯ ಕಾಲಂ. ಮೊದಲ ಕಾಲಂ ಎಷ್ಟು ಮೊಟ್ಟೆ ತಂದೆವು, ಅದರ ಪಕ್ಕದಲ್ಲಿ ನೂರು ಮೊಟ್ಟೆಗೆ ಎಷ್ಟು ಕೆಜಿ ಗೂಡು. 150 ಮೊಟ್ಟೆ ತಂದ ಬೆಳೆಯನ್ನೂ 250 ತಂದ ಬೆಳೆಯನ್ನೂ ಹಾಗೆ ಮಾತ್ರ ಹೋಲಿಸಬಹುದು ಅಲ್ವಾ. ಟ್ರೇಡರ್‌ಗಳು "ಆರ್" ಅನ್ನೋದು ಇದನ್ನೇ. ಒಳಗೆ ಹೋಗುವಾಗ ಎಷ್ಟು ಕಳೆದುಕೊಳ್ಳಲು ಒಪ್ಪಿದಿರೋ ಅದು 1 ಆರ್. ಬಂದ ಲಾಭ-ನಷ್ಟವನ್ನು ಅದರಿಂದ ಭಾಗಿಸಿ.

ಅಪ್ಪನ ಪುಸ್ತಕ ನೋಡಿದ ಮೇಲೆ ನನ್ನ 34 ವಾರವನ್ನು ಹಾಗೆ ಬರೆದೆ. ಸಾಮಾನ್ಯ ವಾರದಲ್ಲಿ ಆರ್ 5,000. ಗೆದ್ದ ವಾರ ಸರಾಸರಿ 0.52 ಆರ್, ಸೋತ ವಾರ ಮೈನಸ್ 0.9. ಜೂನ್ ವಾರದಲ್ಲಿ ಆರ್ 18,000 ಆಗಿತ್ತು, ನಷ್ಟ ಮೈನಸ್ 3.9 ಆರ್. ಅಂದರೆ ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು. ಮಾಮೂಲಿಗಿಂತ ಮೂರೂವರೆ ಪಟ್ಟು ರಿಸ್ಕ್ ತೆಗೆದುಕೊಂಡಿದ್ದೆ, ಅದರ ಮೇಲೆ ಸ್ಟಾಪ್ ಮುರಿದಿದ್ದೆ. ರೂಪಾಯಿ ಕಾಲಂನಲ್ಲಿ ಇವೆರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ಎಲ್ಲ ಸೇರಿ ಸರಾಸರಿ ವಾರಕ್ಕೆ 0.22 ಆರ್ ಪ್ಲಸ್ ಬಂತು. ಸಮಾಧಾನ ಆಯಿತು. ಸ್ಟ್ರಾಟಜಿ ಸರಿಯಿದೆ, ನಾನು ಶಿಸ್ತು ಕಲಿಯಬೇಕು ಅಷ್ಟೇ ಅಂದುಕೊಂಡೆ.

ಆ ಸಮಾಧಾನ ಸುಳ್ಳು. ಅದನ್ನು ತೋರಿಸಿದ್ದು ಒಂದೇ ಒಂದು ಕಾಲಂ: ಟ್ರೇಡ್ ನಡೆಯುವಾಗ ನನ್ನ ವಿರುದ್ಧ ಅತಿ ಹೆಚ್ಚು ಎಷ್ಟು ಹೋಗಿತ್ತು? ಕೊನೆಗೆ ಏನಾಯಿತು ಅನ್ನೋದು ಬೇರೆ, ನಡುವೆ ಎಷ್ಟು ಕೆಟ್ಟಿತ್ತು ಅನ್ನೋದು ಬೇರೆ. ಇದನ್ನು ಹಳೆಯ ಟ್ರೇಡ್‌ಗಳಿಗೂ ತುಂಬಬಹುದು. ಎನ್‌ಎಸ್‌ಇ ಪ್ರತಿದಿನದ ಭಾವ್‌ಕಾಪಿಯನ್ನು ಪುಕ್ಕಟೆ ಹಾಕುತ್ತದೆ, ಅದರಲ್ಲಿ ಪ್ರತಿ ಸ್ಟ್ರೈಕಿನ ದಿನದ ಹೈ, ಲೋ ಇರುತ್ತದೆ. ಕಾಲ್‌ನ ಹೈ ಮತ್ತು ಪುಟ್‌ನ ಹೈ ಎರಡನ್ನೂ ಕೂಡಿಸಬೇಡಿ, ಅವೆರಡೂ ಒಂದೇ ಹೊತ್ತಿಗೆ ಬಂದಿರುವುದಿಲ್ಲ. ಒಂದರ ಹೈ ಜೊತೆ ಇನ್ನೊಂದರ ಲೋ ಕೂಡಿಸಿ, ಹತ್ತಿರದ ಅಂದಾಜು ಸಿಗುತ್ತದೆ. ಒಳಗೆ ಹೋದ ದಿನದ ಹೈ ನೀವು ಮಾರುವ ಮುಂಚೆಯೇ ಬಂದಿರಬಹುದು, ಆ ದಿನವನ್ನು ಚಾರ್ಟ್ ನೋಡಿ ತುಂಬಿ.

ಎರಡು ರಾತ್ರಿ ಕೂತು ತುಂಬಿದೆ. ಗೆದ್ದ 29 ವಾರಗಳಲ್ಲಿ 7 ವಾರ ಪ್ರೀಮಿಯಂ ದುಪ್ಪಟ್ಟು ದಾಟಿ ಆಮೇಲೆ ಇಳಿದಿತ್ತು. ನಿಯಮದ ಪ್ರಕಾರ ಆ ಏಳೂ ಮೈನಸ್ 1 ಆರ್ ಆಗಬೇಕಿತ್ತು. ನಾನು ಸುಮ್ನೆ ಕೂತಿದ್ದಕ್ಕೆ ಗೆಲುವಾಗಿದ್ದವು. ನಿಯಮದಂತೆ ಲೆಕ್ಕ ಹಾಕಿ ನೋಡಿ. 22 ಗೆಲುವಿಗೆ ಪ್ಲಸ್ 11.4. ಆ ಏಳಕ್ಕೆ ಮೈನಸ್ 7, ಹಳೆಯ ನಾಲ್ಕು ಸೋಲಿಗೆ ಮೈನಸ್ 3.6, ಜೂನ್ ವಾರಕ್ಕೆ ಮೈನಸ್ 1. ಉಳಿದದ್ದು ಸೊನ್ನೆಗಿಂತ ಒಂದು ಚೂರು ಕೆಳಗೆ. ಇದರ ಮೇಲೆ ಖರ್ಚು: ನಾಲ್ಕು ಆರ್ಡರಿನ ಬ್ರೋಕರೇಜ್, ಜಿಎಸ್‌ಟಿ, ಎಸ್‌ಟಿಟಿ, ಬಿಡ್-ಆಸ್ಕ್ ನಡುವೆ ಹೋಗುವ ಅರ್ಧರ್ಧ ರೂಪಾಯಿ, ಎಲ್ಲ ಸೇರಿ ವಾರಕ್ಕೆ 300 ಹಿಡಿದೆ, ಅಂದರೆ 0.06 ಆರ್. 34 ವಾರಕ್ಕೆ ಮೈನಸ್ 2.2 ಆರ್. (2024ರ ಅಕ್ಟೋಬರ್‌ನಿಂದ ಆಪ್ಷನ್ ಮಾರುವಾಗಿನ ಎಸ್‌ಟಿಟಿ ಜಾಸ್ತಿ ಆಗಿದೆ, ನಿಮ್ಮ ಖರ್ಚನ್ನು ನಿಮ್ಮ ಕಾಂಟ್ರಾಕ್ಟ್ ನೋಟ್‌ನಿಂದಲೇ ತೆಗೆಯಿರಿ.) ನಾನು ಎಡ್ಜ್ ಅಂದುಕೊಂಡಿದ್ದು ಏನು ಗೊತ್ತಾ, ನಿಯಮ ಮುರಿದು ಏಳು ಸಲ ಬದುಕಿಕೊಂಡದ್ದು. ಎಂಟನೇ ಸಲದ ಬಿಲ್ ಜೂನ್ 4ಕ್ಕೆ ಬಂತು.

ಇನ್ನೊಂದು ಮಾತು, ಯಾಕೆಂದರೆ ಈ ಸಂಖ್ಯೆಯನ್ನು ನೀವು ಖಂಡಿತ ಲೆಕ್ಕ ಹಾಕುತ್ತೀರಿ. ಆರ್ ಕಾಲಂ ಎಚ್‌ನಲ್ಲಿದ್ದರೆ ಸರಾಸರಿಯನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸೋದು ಹೀಗೆ:

```
=AVERAGE(H2:H34)/(STDEV.S(H2:H34)/SQRT(COUNT(H2:H34)))
```

2ಕ್ಕಿಂತ ಜಾಸ್ತಿ ಬಂದರೆ ಬರೀ ಅದೃಷ್ಟ ಅಲ್ಲ ಅನ್ನೋದು ರೂಢಿ. 33 ವಾರಕ್ಕೆ ನನಗೆ 4ರ ಹತ್ತಿರ ಬಂದಿತ್ತು! ಜೂನ್‌ನ ಒಂದು ಸಾಲು ಸೇರಿಸಿ H34 ಅನ್ನು H35 ಮಾಡಿದ ಕೂಡಲೇ ಒಂದೂವರೆಗೆ ಇಳಿಯಿತು. ಆಪ್ಷನ್ ಕೊಳ್ಳುವವರಿಗೆ ಈ ಅಂಕಿ ಇಷ್ಟು ಮೋಸ ಮಾಡೋದಿಲ್ಲ, ಮಾರುವವರಿಗೆ ಮಾಡುತ್ತದೆ. ಚಿಕ್ಕ ಗೆಲುವು ಸಾಲಾಗಿ ಬರುವಾಗ ಏರಿಳಿತ ಕಮ್ಮಿ ಕಾಣುತ್ತದೆ, ಇನ್ನೂ ಬಾರದ ದೊಡ್ಡ ಸೋಲು ಹಾಳೆಯಲ್ಲೇ ಇರೋದಿಲ್ಲ. ಅದಕ್ಕೇ ಈಗ ನಾನು ಕೊನೆಗೆ ಮೈನಸ್ 4 ಆರ್‌ನ ಸಾಲುಗಳನ್ನು ಕೈಯಾರೆ ಸೇರಿಸಿ ನೋಡುತ್ತೇನೆ. ನನ್ನ 33 ವಾರದ ಲಾಭ ಖರ್ಚು ಕಳೆದು 9.5 ಆರ್ ಇತ್ತು. ಅಂಥ ಸಾಲು ಎರಡನ್ನು ತಡೆಯುತ್ತಿತ್ತು, ಮೂರನೆಯದಕ್ಕೆ ಮುಳುಗುತ್ತಿತ್ತು. ನಿಮ್ಮದು ಮೂರು ತಿಂಗಳು, ಅಂದರೆ 13 ವಾರ. ಒಂದನ್ನಾದರೂ ತಡೆಯುತ್ತದಾ, ನೋಡಿ.

ಆಪ್ ಬೇಡ. ಅದು ಬ್ರೋಕರ್‌ನಿಂದ ಕೊಂಡ-ಮಾರಿದ ಬೆಲೆ ಎಳೆದುಕೊಂಡು ಚಂದದ ಗ್ರಾಫ್ ಕೊಡಬಹುದು, ನಿಮ್ಮ ತಲೆಯಲ್ಲಿದ್ದ ಸ್ಟಾಪ್ ಅದಕ್ಕೆ ಹೇಗೆ ಗೊತ್ತಾಗಬೇಕು? ನಿಮ್ಮ ಎಕ್ಸೆಲ್ಲೇ ಸಾಕು. ಆರ್ಡರ್ ಒತ್ತುವ ಮುಂಚೆ ಸ್ಟಾಪಿನ ಅಂಕಿ ಬರೆಯಿರಿ, ಆ ಕೋಶವನ್ನು ಮತ್ತೆ ಮುಟ್ಟಬೇಡಿ. ಟ್ರೇಡ್ ಮುಗಿದ ಮೇಲೆ ನಡುವಿನ ಅತಿ ಕೆಟ್ಟ ಮಟ್ಟ, ಖರ್ಚು ಕಳೆದ ಆರ್, ನಿಯಮ ಪಾಲಿಸಿದ್ದು ಹೌದು ಅಥವಾ ಇಲ್ಲ. ರೋಲ್ ಮಾಡಿದರೆ ಹೊಸ ಸಾಲು ಬರೆಯಬೇಡಿ, ಅದೇ ಪೊಸಿಷನ್ ಮುಂದುವರಿಕೆ, ಅದೇ ಸಾಲಿನಲ್ಲಿ ಕೂಡಿಸಿ. ಕಾಲ್ ಒಂದು ಸಾಲು, ಪುಟ್ ಒಂದು ಸಾಲು ಅಂತ ಬರೆದರೂ ವಿನ್ ರೇಟ್ ಸುಮ್ನೆ ಅಡ್ಡಾದಿಡ್ಡಿ ಆಗುತ್ತದೆ.

ನಾನು ಈಗ ಬರೀ ಸ್ಟ್ರಾಂಗಲ್ ಮಾರೋದಿಲ್ಲ. ಎರಡೂ ಕಡೆ ದೂರದ ಆಪ್ಷನ್ ಕೊಂಡುಕೊಂಡು ಮಾರುತ್ತೇನೆ, ಒಂದೇ ಲಾಟ್. ಹಾಗಾಗಿ ಗರಿಷ್ಠ ನಷ್ಟ ಒಳಗೆ ಹೋಗುವಾಗಲೇ ಗೊತ್ತು, ತಲೆಯಲ್ಲಿ ಜರುಗಲು ಏನೂ ಇಲ್ಲ. 61 ಸಾಲು ಆಗಿದೆ, ಖರ್ಚು ಕಳೆದು ಸರಾಸರಿ 0.05 ಆರ್. ಇದನ್ನು ಎಡ್ಜ್ ಅಂತ ಕರೆಯಲು ಇನ್ನೂ ಆಗೋದಿಲ್ಲ, ಅದಕ್ಕೇ ಲಾಟ್ ಹೆಚ್ಚಿಸಿಲ್ಲ.

ನೀವು ಈ ಭಾನುವಾರ ನಿಮ್ಮ 13 ವಾರಕ್ಕೆ ಭಾವ್‌ಕಾಪಿ ಇಳಿಸಿಕೊಂಡು ಆ ಒಂದು ಕಾಲಂ ತುಂಬಿ. ಗೆದ್ದ ಟ್ರೇಡ್‌ಗಳಲ್ಲಿ ಎಷ್ಟು ನಿಮ್ಮ ಸ್ಟಾಪ್ ದಾಟಿ ವಾಪಸ್ ಬಂದಿವೆ ಅಂತ ಎಣಿಸಿ ಇಲ್ಲೇ ಬರೆಯಿರಿ, ಉಳಿದದ್ದನ್ನು ಅದನ್ನು ನೋಡಿಕೊಂಡು ಮಾತಾಡೋಣ.